ಡ್ರಿಪ್ ಸೆಟ್‌ನಿಂದ ಕೋಲ್ಡ್ ಡ್ರಿಪ್ ಟವರ್, ಮಿನಿ ಕೆಗ್‌ನಲ್ಲಿ ನೈಟ್ರೋ: ಮನೆಯಲ್ಲಿ ಮಾಡಿದ ಕೆಲಸದ ಟಿಪ್ಪಣಿ

ತಣ್ಣನೆ ಕಾಫಿಯನ್ನು ಕೆಫೆಗಳಲ್ಲಿ ಮೂರು ಹೆಸರಲ್ಲಿ ಮಾರುತ್ತಾರೆ: ಕೋಲ್ಡ್ ಬ್ರೂ, ಕೋಲ್ಡ್ ಡ್ರಿಪ್, ನೈಟ್ರೋ. ಬೆಲೆ ಒಂದಕ್ಕಿಂತ ಒಂದು ಜಾಸ್ತಿ. ಒಂದೇ ಬೀಜ, ಒಂದೇ ತೂಕ, ಒಂದೇ ನೀರು ತೆಗೆದುಕೊಂಡು ಮೂರನ್ನೂ ಮನೆಯಲ್ಲೇ ಮಾಡಿ ಪಕ್ಕಪಕ್ಕ ಇಟ್ಟು ಕುಡಿದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಾಗುತ್ತದೆ. ಅದಕ್ಕಾಗಿ ಒಂದು ಹನಿ ಟವರ್ ಕಟ್ಟಿದೆ, ನೈಟ್ರೋಜನ್ ತುಂಬಿ ನೊರೆಕಾಫಿ ಹಿಡಿಯಲು ನಲ್ಲಿ ಇರುವ 2 ಲೀಟರ್ ಸ್ಟೀಲ್ ಪಾತ್ರೆ, ಅಂದರೆ ಕೆಗ್, ಒಂದು ತರಿಸಿದೆ. ಕೆಲಸ ನಡೆದ ಕ್ರಮದಲ್ಲೇ ಬರೆದಿದ್ದೇನೆ. ಯಾವುದು ಕೆಲಸ ಮಾಡಲಿಲ್ಲ ಅನ್ನೋದೂ ಇದರಲ್ಲಿ ಇದೆ.

ಬೀಜ ಚಿಕ್ಕಮಗಳೂರು ಕಡೆಯ ವಾಷ್ಡ್ ಅರೇಬಿಕಾ, ಮೀಡಿಯಂ ರೋಸ್ಟ್, 250 ಗ್ರಾಂಗೆ 520 ರೂಪಾಯಿ. ಚಿಕೋರಿ ಇಲ್ಲ. ಚಿಕೋರಿ ಬೆರೆಸಿದ ಪುಡಿಯನ್ನು ಈ ಕೆಲಸಕ್ಕೆ ಹಾಕಬೇಡಿ. ಬಿಸಿನೀರಿನ ಫಿಲ್ಟರ್‌ನಲ್ಲಿ ಅದು ಇಳಿತವನ್ನು ನಿಧಾನ ಮಾಡಿ ಡಿಕಾಕ್ಷನ್ ಗಟ್ಟಿಯಾಗಲು ನೆರವಾಗುತ್ತದೆ. ಹನಿ ಟವರ್‌ನಲ್ಲಿ ಅದೇ ಗುಣ ಹರಿವನ್ನೇ ಕಟ್ಟಿಹಾಕುತ್ತದೆ.

ಹಂತ 1: ಹೋಲಿಸಲು ಒಂದು ಸಾದಾ ಕೋಲ್ಡ್ ಬ್ರೂ

ಮೊದಲು ಎಲ್ಲರೂ ಮಾಡುವ ಬಗೆ. 60 ಗ್ರಾಂ ಬೀಜವನ್ನು ಸಣ್ಣ ರವೆಗಿಂತ ದಪ್ಪಗೆ ಅರೆದು, ಗಾಜಿನ ಜಾರ್‌ಗೆ ಹಾಕಿ, 600 ಮಿಲಿ ನೀರು ಸುರಿದು, ಒಂದು ಸಲ ಕಲಕಿ ಫ್ರಿಜ್‌ನಲ್ಲಿಟ್ಟೆ. 16 ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿದೆ. ಸಿಕ್ಕಿದ್ದು 475 ಮಿಲಿ. ಉಳಿದ ನೀರು ಎಲ್ಲಿ ಹೋಯಿತು ಅಂತ ಹುಡುಕಬೇಕಿಲ್ಲ. ಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲಿ ನೀರು ಒಂದೇ, ಕಾಫಿಯೂ ಒಂದೇ, ಎರಡೂ ಒಟ್ಟಿಗೆ ಕೂತಿರುತ್ತವೆ. ಮೊದಲ ಕೆಲವು ಗಂಟೆ ನೀರು ಬೇಗ ಬೇಗ ಕಾಫಿಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ನೀರೇ ಕಾಫಿಯಾಗಿರುವುದರಿಂದ ಎಳೆತ ಸೋಲುತ್ತದೆ. ಅದಕ್ಕೇ ಇಷ್ಟು ಹೊತ್ತು ಬೇಕು. ಒಂದು ಗಂಟೆ ಹೆಚ್ಚು ಕಡಿಮೆಯಾದರೂ ರುಚಿ ಅಷ್ಟೇನೂ ಬದಲಾಗದಿರಲು ಕಾರಣವೂ ಅದೇ. ಸಾದಾ ಕೋಲ್ಡ್ ಬ್ರೂವಿನ ದೊಡ್ಡ ಗುಣ ಇದು: ಮರೆತು ಮಲಗಿದರೂ ಕೆಡುವುದಿಲ್ಲ. ರುಚಿ ದುಂಡಗೆ, ಹುಳಿ ಕಡಿಮೆ, ಸ್ವಲ್ಪ ಮಂದ. ತಳದಲ್ಲಿ ಸಣ್ಣ ಚರಟ ಕೂರುತ್ತದೆ. ಈ ಚರಟದ ಮಾತು ಮುಂದೆ ನೈಟ್ರೋ ಹಂತದಲ್ಲಿ ಮತ್ತೆ ಬರುತ್ತದೆ.

ಹಂತ 2: ಟವರ್‌ನ ಚೌಕಟ್ಟು

ಹನಿ ಹನಿಯಾಗಿ ತಣ್ಣೀರು ಇಳಿಸುವ ಈ ಕಾಫಿಗೆ ಜಪಾನಿನಲ್ಲಿ ಡಚ್ ಕಾಫಿ ಅಂತಲೂ ಹೆಸರಿದೆ. ಹೊರಗಿನವರು ಕ್ಯೋಟೋ ಡ್ರಿಪ್ ಅನ್ನುತ್ತಾರೆ. ಅಂಗಡಿಯ ಟವರ್‌ನಲ್ಲಿ ಮೂರು ಗಾಜಿನ ಪಾತ್ರೆ ಇರುತ್ತವೆ. ಮೇಲೆ ಐಸ್ ನೀರು, ನಡುವೆ ಕಾಫಿ ಪುಡಿ, ಕೆಳಗೆ ಕಾಫಿ ಬೀಳುವ ಹೂಜಿ. ಮೇಲಿನ ಪಾತ್ರೆಗೂ ಪುಡಿಗೂ ನಡುವೆ ಒಂದು ಸಣ್ಣ ನಲ್ಲಿ. ಇಡೀ ಯಂತ್ರದ ಜೀವ ಆ ನಲ್ಲಿಯಲ್ಲಿದೆ. ಮಿಕ್ಕಿದ್ದೆಲ್ಲ ಪಾತ್ರೆ ಅಷ್ಟೇ.

ಹನಿಯನ್ನು ನಿಖರವಾಗಿ ಬೀಳಿಸುವ ಸಾಧನ ನಮ್ಮ ಪ್ರತಿ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ: ಗ್ಲೂಕೋಸ್ ಏರಿಸುವ ಐವಿ ಸೆಟ್. ಕೇಳಿದಾಗ ಅಂಗಡಿಯವರು, "ಪೇಷೆಂಟ್ ದೊಡ್ಡವರಾ, ಮಗುನಾ ಸಾರ್?" ಅಂದರು. ಅದು ಕೇಳಲೇಬೇಕಾದ ಪ್ರಶ್ನೆ. ದೊಡ್ಡವರ ಸೆಟ್‌ನಲ್ಲಿ 20 ಹನಿಗೆ 1 ಮಿಲಿ, ಮಕ್ಕಳ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಮಿಲಿ. "ದೊಡ್ಡವರದ್ದೇ ಕೊಡಿ, ಏರ್ ವೆಂಟ್ ಇರೋದು ಬೇಕು" ಅಂದೆ. 85 ರೂಪಾಯಿ. ಪ್ಯಾಕ್ ಒಡೆಯದ ಹೊಸ ಸೆಟ್ ಮಾತ್ರ ಬಳಸಬೇಕು ಅನ್ನೋದನ್ನು ಒತ್ತಿ ಹೇಳುತ್ತೇನೆ. ಇದರಲ್ಲಿ ಹರಿಯುವುದು ಬರೀ ತಣ್ಣೀರು. ಕಾಫಿ ಈ ಕೊಳವೆಯನ್ನು ಮುಟ್ಟುವುದಿಲ್ಲ.

ಚೌಕಟ್ಟಿಗೆ ಬಡಗಿಯ ಹತ್ತಿರ ಮಿಕ್ಕಿದ್ದ ಸಿಲ್ವರ್ ಓಕ್ ರೀಪು. ಎತ್ತರ 75 ಸೆಂಟಿಮೀಟರ್, ತಳದ ಹಲಗೆ 20ಕ್ಕೆ 20. ಮೇಲೊಂದು, ನಡುವೆ ಒಂದು ಅಡ್ಡಪಟ್ಟಿ, ಎರಡಕ್ಕೂ ದುಂಡನೆ ತೂತು. ಮರ, ಕೂಲಿ ಸೇರಿ 650 ರೂಪಾಯಿ ಆಯಿತು. ಮೇಲಿನ ಪಾತ್ರೆಗೆ 1 ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗು ಮಾಡಿದೆ. ಮುಚ್ಚಳಕ್ಕೆ 4.5 ಮಿಲಿಮೀಟರ್ ತೂತು ಕೊರೆದು ಐವಿ ಸೆಟ್‌ನ ಮೊನೆಯನ್ನು ಒತ್ತಿ ಕೂರಿಸಿದೆ. ತೂತು ಮೊನೆಗಿಂತ ತುಸು ಚಿಕ್ಕದಿದ್ದರೆ ಸೋರುವುದಿಲ್ಲ. ಕೊಳವೆಯನ್ನು 20 ಸೆಂಟಿಮೀಟರ್‌ಗೆ ಕತ್ತರಿಸಿದೆ.

ಎಣಿಕೆ ಯಾವಾಗಲೂ ಸೆಟ್‌ನ ಪಾರದರ್ಶಕ ಚೇಂಬರ್‌ನಲ್ಲೇ ಮಾಡಿ. ಕೊಳವೆಯ ಕತ್ತರಿಸಿದ ತುದಿಯಿಂದ ಬೀಳುವ ಹನಿಯ ಗಾತ್ರ ಬೇರೆ, ಅದನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಹಂತ 3: ಸ್ಟೀಲ್ ಫಿಲ್ಟರ್‌ನಲ್ಲಿ ಮೊದಲ ಓಟ

ಪುಡಿಯ ಪಾತ್ರೆಗೆ ಮನೆಯ ಸ್ಟೀಲ್ ಕಾಫಿ ಫಿಲ್ಟರ್‌ನ ಮೇಲ್ಭಾಗವನ್ನೇ ಇಟ್ಟೆ. ತಳದಲ್ಲಿ ತೂತುಗಳಿವೆ, ಮೇಲೆ ಒತ್ತುವ ಬಿಲ್ಲೆಯೂ ಇದೆ. ನೋಡಲು ಎಲ್ಲ ಸರಿಯಾಗಿತ್ತು. 60 ಗ್ರಾಂ ಪುಡಿ, ಈ ಸಲ ಮೀಡಿಯಂ, ಮೇಲೆ 600 ಮಿಲಿ ಐಸ್ ನೀರು, ನಿಮಿಷಕ್ಕೆ 40 ಹನಿ. ಲೆಕ್ಕ ಸುಲಭ: 40 ಹನಿ ಅಂದರೆ 2 ಮಿಲಿ, 600 ಮಿಲಿ ಇಳಿಯಲು 5 ಗಂಟೆ.

ಬಂದ ಕಾಫಿ ತೆಳ್ಳಗಿತ್ತು. ನಾಲಿಗೆಗೆ ಹುಳಿ, ಹಿಂದೆ ಏನೂ ಇಲ್ಲ. ಇದರ ಕಾರಣ ತಿಳಿಯಲು ಒಂದೇ ದಾರಿ, ಮುಗಿದ ಮೇಲೆ ಪುಡಿಯನ್ನು ತಟ್ಟೆಗೆ ಇಡಿಯಾಗಿ ಕವುಚಿ ನೋಡುವುದು. ನಡುವಿನಲ್ಲಿ ಒಂದು ಕಪ್ಪು ಒದ್ದೆ ಕಂಬ. ಅಂಚಿನಲ್ಲಿ ಸುತ್ತಲೂ ತಿಳಿ ಕಂದು ಬಣ್ಣದ ಪುಡಿ, ಬೆರಳಲ್ಲಿ ಉದುರುವಷ್ಟು ಒಣಗಿತ್ತು. ನೀರು ಹನಿ ಬಿದ್ದ ಜಾಗದಲ್ಲೇ ದಾರಿ ಕೊರೆದುಕೊಂಡು ನೇರ ಕೆಳಗಿಳಿದಿದೆ. ಅರ್ಧದಷ್ಟು ಕಾಫಿಯನ್ನು ಅದು ಮುಟ್ಟಿಯೇ ಇಲ್ಲ.

ಬಿಸಿನೀರಿನಲ್ಲಿ ಈ ತೊಂದರೆ ಕಾಣಿಸುವುದಿಲ್ಲ, ಯಾಕೆಂದರೆ ಅಲ್ಲಿ ಪಾತ್ರೆ ತುಂಬ ನೀರು ಸುರಿಯುತ್ತೇವೆ, ಪುಡಿ ಪೂರ್ತಿ ಮುಳುಗುತ್ತದೆ. ಹನಿಯಲ್ಲಿ ಒಂದು ಬಿಂದುವಿನಿಂದ ನೀರು ಹರಡಬೇಕು. ಫಿಲ್ಟರ್‌ನ ಅಗಲ ಏಳೂವರೆ ಸೆಂಟಿಮೀಟರ್, ಅದರಲ್ಲಿ 60 ಗ್ರಾಂ ಪುಡಿ ಮೂರೂವರೆ ಸೆಂಟಿಮೀಟರ್ ಆಳ ಮಾತ್ರ ಕೂರುತ್ತದೆ. ಅಗಲ ಜಾಸ್ತಿ, ಆಳ ಕಡಿಮೆ. ನೀರಿಗೆ ಹರಡಲು ಪುರುಸೊತ್ತೇ ಇಲ್ಲ. ಬಿಲ್ಲೆ ಇಟ್ಟರೂ ನೀರು ಅದರ ಒಂದು ತೂತಿನಿಂದಲೇ ಇಳಿಯುತ್ತಿತ್ತು.

ಹಂತ 4: ಕಿರಿದಾದ ಪಾತ್ರೆ, ಮೇಲೊಂದು ಕಾಗದ

ಕೈಯಲ್ಲಿ ಒತ್ತಿ ಕಾಫಿ ಇಳಿಸುವ ಏರೋಪ್ರೆಸ್ ಮನೆಯಲ್ಲಿತ್ತು, ಅದರ ಹೊರಕೊಳವೆ ಇದಕ್ಕೆ ಸರಿಹೊಂದಿತು. ಒಳಗಿನ ಅಗಲ ಸುಮಾರು 6 ಸೆಂಟಿಮೀಟರ್, ಪುಡಿಯ ಆಳ ಐದೂವರೆಗೆ ಏರಿತು. ಅದು ಇಲ್ಲದಿದ್ದರೆ ಕಿರಿದಾಗಿ ಎತ್ತರವಾಗಿರುವ ಯಾವ ಆಹಾರಯೋಗ್ಯ ಕೊಳವೆಯಾದರೂ ನಡೆಯುತ್ತದೆ, ತಳಕ್ಕೆ ಕಾಗದದ ಫಿಲ್ಟರ್ ನಿಲ್ಲುವಂತಿದ್ದರೆ ಸಾಕು.

ಇದರ ಜೊತೆ ಎರಡು ಕೆಲಸ ಸೇರಿಸಿದೆ. ಮೊದಲನೆಯದು, ಹನಿ ಶುರುಮಾಡುವ ಮೊದಲೇ ಪುಡಿಯನ್ನು ಒದ್ದೆ ಮಾಡುವುದು. 60 ಗ್ರಾಂಗೆ 70 ಮಿಲಿ ತಣ್ಣೀರು ಹಾಕಿ, ಚಮಚದ ಹಿಡಿಯಿಂದ ತಳದವರೆಗೂ ಕಲಕಿ, ಕೊಳವೆಯನ್ನು ಮೇಜಿಗೆ ಮೆತ್ತಗೆ ತಟ್ಟಿ ಮಟ್ಟ ಮಾಡಿ, 10 ನಿಮಿಷ ಬಿಡಬೇಕು. ಒಣಪುಡಿ ನೀರನ್ನು ದೂರ ತಳ್ಳುತ್ತದೆ. ಒದ್ದೆಪುಡಿ ಪಕ್ಕದ ಪುಡಿಗೂ ನೀರನ್ನು ಹಂಚುತ್ತದೆ. ಎರಡನೆಯದು, ಮಟ್ಟ ಮಾಡಿದ ಪುಡಿಯ ಮೇಲೆ ಒಂದು ದುಂಡನೆ ಫಿಲ್ಟರ್ ಕಾಗದ ಹಾಸುವುದು. ಬಿದ್ದ ಹನಿಯನ್ನು ಕಾಗದ ಅಂಚಿನವರೆಗೂ ಹೀರಿ ಹರಡುತ್ತದೆ. ಕೊಳವೆಯ ತುದಿ ಕಾಗದದಿಂದ 3 ಸೆಂಟಿಮೀಟರ್ ಮೇಲಿರಲಿ. ಇನ್ನೂ ಎತ್ತರದಿಂದ ಬಿದ್ದರೆ ಹನಿ ಕಾಗದದ ನಡುವೆ ಗುಳಿ ಮಾಡುತ್ತದೆ.

ಈಗ ಕವುಚಿದಾಗ ಪುಡಿ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣದ ಗಟ್ಟಿ ಬಿಲ್ಲೆಯಾಗಿ ಬಂತು. ಕಾಫಿಯೂ ಬೇರೆಯೇ ಆಯಿತು. ಅರೆಯುವುದರ ಬಗ್ಗೆ ಒಂದು ಮಾತು: ಮೇಲಿನ ಕಾಗದದ ಮೇಲೆ ನೀರು ಕೆರೆಯಂತೆ ನಿಂತರೆ ಪುಡಿ ತೀರ ಸಣ್ಣ. ಕೆಳಗೆ ಬರುವ ಕಾಫಿ ಮೊದಲ ಅರ್ಧ ಗಂಟೆಯಲ್ಲೇ ತಿಳಿಯಾದರೆ ತೀರ ದಪ್ಪ. ಕಾಗದ ಒದ್ದೆಯಾಗಿ ಹೊಳೆಯುತ್ತಿರಬೇಕು, ಆದರೆ ನೀರು ನಿಲ್ಲಬಾರದು.

ಹಂತ 5: ರಾತ್ರಿ ನಿಂತುಹೋಗುವ ಹನಿ

ಅತಿ ಹೆಚ್ಚು ಹೊತ್ತು ಹಿಡಿದದ್ದು ಈ ಹಂತ. ರಾತ್ರಿ 9ಕ್ಕೆ ನಿಮಿಷಕ್ಕೆ 44 ಹನಿ ಇಟ್ಟರೆ ಮಧ್ಯರಾತ್ರಿಗೆ 30. ಬೆಳಿಗ್ಗೆ ನೋಡಿದರೆ ನೀರು ಇನ್ನೂ ಮೇಲೆಯೇ ಉಳಿದಿದೆ, ಹನಿ ನಿಮಿಷಕ್ಕೆ 8. ಹನಿ ನಿಧಾನವಾದಷ್ಟೂ ನೀರು ಪುಡಿಯಲ್ಲಿ ಹೆಚ್ಚು ಹೊತ್ತು ಕೂರುತ್ತದೆ. ಕೊನೆಯ ಭಾಗ ಒಗರಾಗಿ, ಒದ್ದೆ ಮರದ ರುಚಿ ಬಂದಿತ್ತು.

ಕಾರಣ ಎರಡು. ಬಾಟಲಿಯಲ್ಲಿ ನೀರು ಇಳಿದಂತೆ ಮೇಲಿನ ಒತ್ತಡ ಇಳಿಯುತ್ತದೆ. ಎತ್ತರ ಕಾಲುಭಾಗ ಕಡಿಮೆಯಾದರೆ ಹನಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಎರಡನೆಯದು ಐವಿ ಸೆಟ್‌ನ ಚಕ್ರ. ಅದು ಮೆತ್ತನೆ ಕೊಳವೆಯನ್ನು ಹಿಸುಕಿ ಹಿಡಿಯುತ್ತದೆ, ಹಿಸುಕಿದ ಜಾಗ ಬರಬರುತ್ತಾ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ನರ್ಸ್‌ಗಳು ಆಗಾಗ ಬಂದು ಹನಿ ನೋಡಿ ಚಕ್ರ ಸರಿಮಾಡುವುದು ಸುಮ್ನೆ ಅಲ್ಲ.

ಮೊದಲ ತೊಂದರೆಗೆ ಪರಿಹಾರ ಐವಿ ಸೆಟ್‌ನಲ್ಲೇ ಇತ್ತು: ಮೊನೆಯ ಪಕ್ಕದ ಏರ್ ವೆಂಟ್. ತಳ ಕತ್ತರಿಸಿದ ಬಾಟಲಿ ಬಿಟ್ಟು, ಅಗಲ ಬಾಯಿಯ ಗಟ್ಟಿ ಪ್ಲಾಸ್ಟಿಕ್ ಜಾರ್ ತಂದೆ, 140 ರೂಪಾಯಿ. ಐಸ್ ಮತ್ತು ನೀರು ತುಂಬಿ, ತೂತು ಮಾಡಿದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ತಲೆಕೆಳಗು ಮಾಡಿ, ವೆಂಟ್‌ನ ಸಣ್ಣ ಮುಚ್ಚಳ ತೆರೆದೆ. ಈಗ ಗಾಳಿ ಒಳಗೆ ಹೋಗುವುದು ಮೊನೆಯ ಮಟ್ಟದಿಂದ ಮಾತ್ರ, ಗುಳ್ಳೆ ಗುಳ್ಳೆಯಾಗಿ. ಹೀಗಾದಾಗ ಹೊರಗಿನ ಗಾಳಿಯ ಒತ್ತಡ ಸದಾ ಆ ಮೊನೆಯ ಹತ್ತಿರವೇ ಇರುತ್ತದೆ. ಮೇಲೆ ಎಷ್ಟು ನೀರಿದೆ ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ಇದನ್ನು ಮಾರಿಯೋಟ್ ಬಾಟಲ್ ಅನ್ನುತ್ತಾರೆ. ಜಾರ್ ಗಟ್ಟಿಯಾಗಿಯೇ ಇರಬೇಕು. ಮೆತ್ತನೆ ಬಾಟಲಿ ಒಳಗೆ ಚಪ್ಪಟೆಯಾಗುತ್ತದೆ, ಲೆಕ್ಕ ಮತ್ತೆ ಬದಲಾಗುತ್ತದೆ. ಮುಚ್ಚಳದಲ್ಲಿ ಸೋರಿಕೆಯೂ ಇರಬಾರದು.

ಚಕ್ರದ ತೊಂದರೆಗೆ, ಬೇಕಾದ ಹನಿ ಇಟ್ಟು 15 ನಿಮಿಷ ಬಿಟ್ಟು ಮತ್ತೆ ಎಣಿಸಿ ಸರಿಮಾಡಬೇಕು. ಮುಚ್ಚಿಕೊಳ್ಳುವುದು ಬಹುಪಾಲು ಆ ಮೊದಲ ಹೊತ್ತಿನಲ್ಲೇ ಆಗುತ್ತದೆ. ಪ್ರತಿ ಸಲವೂ ಚಕ್ರವನ್ನು ಕೊಳವೆಯ ಹೊಸ ಜಾಗಕ್ಕೆ ಸರಿಸಿ.

ಇಷ್ಟಾದ ಮೇಲೆ ಹನಿ ನಿಲ್ಲುವುದು ತಪ್ಪಿತು, ಬದಲಿಗೆ ಏರತೊಡಗಿತು. 38ಕ್ಕೆ ಇಟ್ಟದ್ದು ನಾಲ್ಕನೇ ಗಂಟೆಗೆ 52. ಇದಕ್ಕೆ ಕಾರಣ ಐಸ್ ಕರಗಿದ್ದು. ತಣ್ಣೀರು ಮಂದ, ಕೋಣೆಯ ಬಿಸಿಗೆ ಬಂದ ನೀರು ಸಲೀಸು. 5 ಡಿಗ್ರಿಯ ನೀರಿಗೂ 25 ಡಿಗ್ರಿಯ ನೀರಿಗೂ ಇಷ್ಟು ಸಣ್ಣ ಸಂದಿಯಲ್ಲಿ ಹರಿಯುವ ವೇಗದಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಮೊದಲು ಕಾಣಿಸದೆ ಇದ್ದದ್ದು ಯಾಕೆಂದರೆ ಇಳಿಯುವ ಒತ್ತಡ ಇದನ್ನು ಮುಚ್ಚಿಹಾಕುತ್ತಿತ್ತು. 300 ಗ್ರಾಂ ಐಸ್, 300 ಮಿಲಿ ನೀರು ಇದ್ದದ್ದನ್ನು 450 ಗ್ರಾಂ ಐಸ್, 150 ಮಿಲಿ ನೀರು ಮಾಡಿದೆ. ಜಾರ್‌ಗೆ ದಪ್ಪ ಟವೆಲ್ ಸುತ್ತಿದೆ. ಈಗ ಕೊನೆಯವರೆಗೂ 38ರಿಂದ 43ರ ನಡುವೆ ನಿಲ್ಲುತ್ತದೆ. ಅಷ್ಟು ಸಾಕು.

ಕಾಫಿ ಬೀಳುವ ಬಾಟಲಿಯನ್ನು ಐಸ್ ಹಾಕಿದ ಸ್ಟೀಲ್ ಡಬರಿಯಲ್ಲಿ ನಿಲ್ಲಿಸಿ. ಐದು ಗಂಟೆ ಕೋಣೆಯ ಬಿಸಿಯಲ್ಲಿ ತೆರೆದಿಡುವುದು ರುಚಿಗೂ ಒಳ್ಳೆಯದಲ್ಲ, ಹೊಟ್ಟೆಗೂ ಒಳ್ಳೆಯದಲ್ಲ.

ಹಂತ 6: ನಾಲ್ಕು ಲೋಟದ ಪರೀಕ್ಷೆ

ಟವರ್ ಕಟ್ಟಿದವರು ಈ ಪರೀಕ್ಷೆಯನ್ನು ಒಂದು ಸಲವಾದರೂ ಮಾಡಬೇಕು. ಒಂದೇ ಓಟದ ಕಾಫಿಯನ್ನು 120 ಮಿಲಿಯಂತೆ ನಾಲ್ಕು ಲೋಟದಲ್ಲಿ ಬೇರೆ ಬೇರೆ ಹಿಡಿಯುವುದು.

ಮೊದಲ ಲೋಟ ಬೆಲ್ಲದ ಪಾಕದಷ್ಟು ದಟ್ಟ. ಹುಳಿ, ಸಿಹಿ, ಹಣ್ಣಿನ ಪರಿಮಳ ಎಲ್ಲ ಅದರಲ್ಲೇ ಇತ್ತು, ನೀರು ಬೆರೆಸದೆ ಕುಡಿಯಲು ಆಗದಷ್ಟು. ಎರಡನೆಯದು ಹಾಗೇ ಕುಡಿಯುವ ಹದ. ಮೂರನೆಯದು ತೆಳ್ಳಗೆ, ಸ್ವಲ್ಪ ಕೋಕೋ. ನಾಲ್ಕನೆಯದು ತಿಳಿ ಚಹಾದ ಬಣ್ಣ, ಕಹಿ ಇಲ್ಲ, ಒಗರು ಇದೆ.

ಸಾದಾ ಕೋಲ್ಡ್ ಬ್ರೂಗೂ ಇದಕ್ಕೂ ಇರುವ ವ್ಯತ್ಯಾಸ ಈ ನಾಲ್ಕು ಲೋಟದಲ್ಲಿ ಕಣ್ಣಿಗೇ ಕಾಣುತ್ತದೆ. ಅಲ್ಲಿ ಬೇಗ ಕರಗುವುದು, ತಡವಾಗಿ ಕರಗುವುದು ಎಲ್ಲ ಒಂದೇ ನೀರಿನಲ್ಲಿ ಸೇರಿ ಸರಾಸರಿ ಆಗುತ್ತದೆ. ಇಲ್ಲಿ ಪ್ರತಿ ಹನಿಯೂ ಹೊಸ ನೀರು. ಅದು ಹೋದಲ್ಲೆಲ್ಲ ಎಳೆಯಲು ಜಾಗ ಇದೆ, ಅದಕ್ಕೇ 16 ಗಂಟೆಯ ಕೆಲಸ 5 ಗಂಟೆಯಲ್ಲಿ ಮುಗಿಯುತ್ತದೆ. ಇನ್ನೂ ಮುಖ್ಯವಾದದ್ದು, ಎಲ್ಲಿ ನಿಲ್ಲಿಸಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಮೂರನೇ ಲೋಟದ ನಡುವೆ ಬಾಟಲಿ ತೆಗೆದರೆ ಒಗರು ಒಳಗೆ ಬರುವುದೇ ಇಲ್ಲ. ನಾನು ಈಗ ಅಲ್ಲೇ ನಿಲ್ಲಿಸುತ್ತೇನೆ.

ಪಕ್ಕಪಕ್ಕ ಇಟ್ಟು ಕುಡಿದಾಗ ಡ್ರಿಪ್ ಕಾಫಿ ತಿಳಿಯಾಗಿತ್ತು, ಪರಿಮಳ ಜಾಸ್ತಿ, ಹುಳಿ ಸ್ಪಷ್ಟ. ಪುಡಿಯ ಐದು ಸೆಂಟಿಮೀಟರ್ ಪದರವೇ ಸೋಸಣಿಯಾಗುವುದರಿಂದ ಚರಟ ಒಂದು ಚೂರೂ ಇಲ್ಲ. ಸಾದಾ ಕೋಲ್ಡ್ ಬ್ರೂ ಹೆಚ್ಚು ಮೈತುಂಬಿಕೊಂಡಿತ್ತು, ಚಾಕೊಲೇಟ್ ಕಡೆಗೆ ವಾಲಿತ್ತು. ಹಾಲು ಹಾಕುವವರು ಸಾದಾ ಮಾಡಿಕೊಳ್ಳಿ. ಹಾಲು ಹಾಕಿದ ಡ್ರಿಪ್ ಕಾಫಿಯಲ್ಲಿ ಆ ಐದು ಗಂಟೆಯ ಕೆಲಸ ಕಾಣುವುದಿಲ್ಲ. ಡಾರ್ಕ್ ರೋಸ್ಟ್ ಬೀಜವನ್ನು ಟವರ್‌ಗೆ ಹಾಕುವುದೂ ನನ್ನ ಮಟ್ಟಿಗೆ ದಂಡ. ಟವರ್ ಕೊಡುವುದು ಹಣ್ಣಿನ ಪರಿಮಳವನ್ನು, ಅದು ಬೀಜದಲ್ಲೇ ಸುಟ್ಟುಹೋಗಿದ್ದರೆ ಎಲ್ಲಿಂದ ಬರಬೇಕು?

ಹಂತ 7: ನೈಟ್ರೋಗೆ ಯಾವ ಗ್ಯಾಸ್

ನೈಟ್ರೋ ಕಾಫಿ ತೆಗೆಯುವ ವಿಧಾನ ಅಲ್ಲ. ತೆಗೆದಿಟ್ಟ ತಣ್ಣನೆ ಕಾಫಿಯನ್ನು ಲೋಟಕ್ಕೆ ಸುರಿಯುವ ವಿಧಾನ. ಇದು ಬಿಯರ್ ಲೋಕದಿಂದ ಬಂದದ್ದು. ಗಿನ್ನೆಸ್ ಕಂಪನಿ 1959ರಲ್ಲಿ ನೈಟ್ರೋಜನ್ ಬೆರೆಸಿದ ಡ್ರಾಫ್ಟ್ ಬಿಯರ್ ತಂದಿತು. ಆ ಕೆನೆ ನೊರೆಯ ನಲ್ಲಿಯೇ ಈಗ ಕಾಫಿ ಕೆಗ್‌ಗಳ ಮೇಲೆ ಕೂತಿದೆ.

ಕೆಗ್ ತರಿಸುವ ಮೊದಲು, ಮನೆಯಲ್ಲಿದ್ದ ಕ್ರೀಮ್ ವಿಪ್ಪರ್‌ನಲ್ಲಿ ನೋಡಿದೆ. ಅದರ ಕಾರ್ಟ್ರಿಜ್‌ನಲ್ಲಿ ಇರುವುದು ನೈಟ್ರಸ್ ಆಕ್ಸೈಡ್. ಹೆಸರಿನಲ್ಲಿ ನೈಟ್ರೋ ಇದ್ದರೂ ಇದು ಬೇರೆ ಗ್ಯಾಸ್. ಕಾಫಿ ಸಿಹಿಯಾಯಿತು, ದೊಡ್ಡ ಗುಳ್ಳೆಯ ನೊರೆ ಬಂತು, ಬೇಗ ಒಡೆಯಿತು. ಸೋಡಾ ಸೈಫನ್‌ನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕಾಫಿ ನಾಲಿಗೆ ಚುಚ್ಚುವ ಹುಳಿ ಸೋಡಾ ಆಯಿತು, ಚೆಲ್ಲಬೇಕಾಯಿತು. ಈ ಎರಡು ಗ್ಯಾಸ್‌ಗಳೂ ತಣ್ಣೀರಿನಲ್ಲಿ ನೈಟ್ರೋಜನ್‌ಗಿಂತ ಐವತ್ತು ಪಟ್ಟು ಅಥವಾ ಇನ್ನೂ ಹೆಚ್ಚು ಕರಗುತ್ತವೆ. ನೈಟ್ರೋಜನ್ ಕರಗಲು ಒಪ್ಪುವುದೇ ಇಲ್ಲ, ರುಚಿಯೂ ಇಲ್ಲ. ಅದೇ ಅದರ ಉಪಯೋಗ. ಒತ್ತಡದಲ್ಲಿ ಅಷ್ಟಿಷ್ಟು ಕರಗಿದ್ದು, ಲೋಟಕ್ಕೆ ಬಂದ ಕೂಡಲೇ ಸಣ್ಣ ಸಣ್ಣ ಗುಳ್ಳೆಯಾಗಿ ಹೊರಬರುತ್ತದೆ. ಆ ಗುಳ್ಳೆಗಳು ಕೆನೆಯಾಗಿ ಮೇಲೆ ನಿಲ್ಲುತ್ತವೆ.

ತರಿಸಿದ್ದು 2 ಲೀಟರ್ ಸ್ಟೀಲ್ ಮಿನಿ ಕೆಗ್, ಒತ್ತಡದ ಮೀಟರ್, ಸೇಫ್ಟಿ ವಾಲ್ವ್ ಮತ್ತು ಆ ಕೆನೆ ನೊರೆಯ ಬಿಯರ್ ನಲ್ಲಿ, ಅಂದರೆ ಸ್ಟೌಟ್ ನಲ್ಲಿ, ಇರುವಂಥದ್ದು: 8,400 ರೂಪಾಯಿ. ಶುದ್ಧ ನೈಟ್ರೋಜನ್ ಕಾರ್ಟ್ರಿಜ್ 10ಕ್ಕೆ 1,600. ಈ ಇಡೀ ಕೆಲಸದಲ್ಲಿ ದುಬಾರಿಯಾದದ್ದು ಇದೇ.

ದೊಡ್ಡ ಸಿಲಿಂಡರ್ ತರುವ ಯೋಚನೆ ಇರುವವರಿಗೆ ಒಂದು ಎಚ್ಚರಿಕೆ. ನೈಟ್ರೋಜನ್ ಸಿಲಿಂಡರ್‌ನ ಒತ್ತಡ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗಿಂತ ಎಷ್ಟೋ ಹೆಚ್ಚು. ಅದರ ರೆಗ್ಯುಲೇಟರ್ ಇದಕ್ಕೆ ಹಾಕಲೇಬಾರದು. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಸೋರಿದರೆ ವಾಸನೆಯೇ ಇಲ್ಲದೆ ಉಸಿರುಗಟ್ಟಿಸುತ್ತದೆ. ಮನೆಗೆ ಕಾರ್ಟ್ರಿಜ್ ಸಾಕು.

ಹಂತ 8: ಕೆಗ್ ಎಷ್ಟು ತುಂಬಬೇಕು

ಇದನ್ನು ಎಲ್ಲೂ ಸರಿಯಾಗಿ ಬರೆದಿರುವುದಿಲ್ಲ, ಆದರೆ ನೊರೆ ಬರುವುದು ಬಿಡುವುದು ಇದರಲ್ಲೇ ಇದೆ. ನೈಟ್ರೋಜನ್ ಕೋಣೆಯ ಬಿಸಿಯಲ್ಲಿ ದ್ರವವಾಗುವುದಿಲ್ಲ. ಅದಕ್ಕೇ 8 ಗ್ರಾಂ ನೈಟ್ರಸ್ ಹಿಡಿಯುವ ಗಾತ್ರದ ಕಾರ್ಟ್ರಿಜ್‌ನಲ್ಲಿ ನೈಟ್ರೋಜನ್ 2 ಗ್ರಾಂ ಆಸುಪಾಸು ಮಾತ್ರ. ಬಿಚ್ಚಿದರೆ ಸುಮಾರು 1.7 ಲೀಟರ್ ಗ್ಯಾಸ್. ಕಾಫಿಯಲ್ಲಿ ಕರಗುವುದು ಅತ್ಯಲ್ಪ. ಹಾಗಾಗಿ ಒತ್ತಡ ಎಷ್ಟಾಗುತ್ತದೆ ಅನ್ನೋದನ್ನು ಕೆಗ್‌ನಲ್ಲಿ ಬಿಟ್ಟ ಖಾಲಿ ಜಾಗವೇ ನಿರ್ಧರಿಸುತ್ತದೆ.

ಮೊದಲ ಸಲ ಅರ್ಧ ಲೀಟರ್ ಕಾಫಿ ಮಾತ್ರ ಹಾಕಿ ನೋಡಿದೆ. ಖಾಲಿ ಜಾಗ ಒಂದೂವರೆ ಲೀಟರ್, ಮೀಟರ್ 15 ಪಿಎಸ್‌ಐ ತೋರಿಸಿತು. ಬಂದದ್ದು ಬರೀ ತಣ್ಣನೆ ಕಾಫಿ. ಅದೇ ಕೆಗ್‌ಗೆ 1.5 ಲೀಟರ್ ತುಂಬಿ ಅರ್ಧ ಲೀಟರ್ ಖಾಲಿ ಬಿಟ್ಟಾಗ, ಅದೇ ಒಂದು ಕಾರ್ಟ್ರಿಜ್‌ಗೆ 46 ಪಿಎಸ್‌ಐ ಬಂತು. ನೊರೆ ಬರುವುದು ಅಲ್ಲೇ. ಹಾಗಂತ 1.8 ಲೀಟರ್ ತುಂಬಬೇಡಿ. ಲೆಕ್ಕದ ಪ್ರಕಾರ ಒತ್ತಡ 100 ದಾಟುತ್ತದೆ, ಸೇಫ್ಟಿ ವಾಲ್ವ್ ತೆರೆದು ಗ್ಯಾಸೂ ಕಾಫಿಯೂ ಹೊರಗೆ ಹಾರುತ್ತವೆ. ಸೇಫ್ಟಿ ವಾಲ್ವ್ ಇಲ್ಲದ ಪಾತ್ರೆಗೆ ಕಾರ್ಟ್ರಿಜ್ ಚುಚ್ಚುವ ಮಾತೇ ಬೇಡ.

ಇದೇ ಲೆಕ್ಕ ಸುರಿಯುವಾಗಲೂ ಹಿಂಬಾಲಿಸುತ್ತದೆ. 200 ಮಿಲಿಯ ಎರಡು ಲೋಟ ಹಿಡಿದ ಮೇಲೆ ಖಾಲಿ ಜಾಗ 900 ಮಿಲಿ ಆಗಿ, ಮೀಟರ್ 20ರ ಹತ್ತಿರ ಇಳಿಯುತ್ತದೆ. ಮೂರನೇ ಲೋಟದ ನೊರೆ ತೆಳುವಾದರೆ ಕಾಫಿಯ ತಪ್ಪಲ್ಲ. ಆಗ ಎರಡನೇ ಕಾರ್ಟ್ರಿಜ್ ಹಾಕಬೇಕು.

ಗ್ಯಾಸ್ ಹಾಕಿದ ಮೇಲೆ ಕೆಗ್ ಅಡ್ಡ ಹಿಡಿದು 40 ಸೆಕೆಂಡ್ ಜೋರಾಗಿ ಅಲುಗಾಡಿಸಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡುತ್ತೇನೆ. ಕಾಫಿ ಮೊದಲೇ 4 ಡಿಗ್ರಿಗೆ ತಣ್ಣಗಾಗಿರಬೇಕು. ಬೆಚ್ಚಗಿನ ಕಾಫಿಯಲ್ಲಿ ಇರುವಷ್ಟು ಗ್ಯಾಸೂ ಕರಗುವುದಿಲ್ಲ.

ಹಂತ 9: ನಲ್ಲಿ

ಸ್ಟೌಟ್ ನಲ್ಲಿಯೊಳಗೆ ಒಂದು ಸಣ್ಣ ಬಿಲ್ಲೆ ಇರುತ್ತದೆ. ನನ್ನದರಲ್ಲಿ ಸೂಜಿಮೊನೆಯಂಥ ಐದು ತೂತು. ಕಾಫಿ ಅವುಗಳಲ್ಲಿ ಹಿಂಡಿಕೊಂಡು ಬರುವಾಗ ಗ್ಯಾಸ್ ಸಣ್ಣ ಗುಳ್ಳೆಯಾಗಿ ಒಡೆಯುತ್ತದೆ. ಸಾಮಾನ್ಯ ನಲ್ಲಿ ಹಾಕಿದರೆ ಒತ್ತಡ ಎಷ್ಟಿದ್ದರೂ ಕೆನೆ ಬರುವುದಿಲ್ಲ.

ಸಾದಾ ಕೋಲ್ಡ್ ಬ್ರೂವಿನ ಚರಟ ತೊಂದರೆ ಕೊಟ್ಟದ್ದು ಇಲ್ಲೇ. ಬಟ್ಟೆಯಲ್ಲಿ ಸೋಸಿದ ಕಾಫಿಯಲ್ಲಿ ಕಣ್ಣಿಗೆ ಕಾಣದ ಪುಡಿ ಉಳಿದಿರುತ್ತದೆ. ಎರಡನೇ ಲೋಟಕ್ಕೇ ಹರಿವು ದಾರದಷ್ಟಾಯಿತು, ನೊರೆ ನಿಂತಿತು. ಬಿಲ್ಲೆ ಬಿಚ್ಚಿ ನೋಡಿದರೆ ಮೂರು ತೂತು ಮುಚ್ಚಿದ್ದವು. ಈಗ ಬಟ್ಟೆಯ ನಂತರ ಕಾಗದದಲ್ಲಿ ಇನ್ನೊಮ್ಮೆ ಸೋಸುತ್ತೇನೆ. ಒಂದೂವರೆ ಲೀಟರ್ ಇಳಿಯಲು ಹೊತ್ತು ಹಿಡಿಯುತ್ತದೆ, ನಡುವೆ ಕಾಗದ ಬದಲಿಸಬೇಕಾಗುತ್ತದೆ. ಕೆಗ್‌ನ ಅಳತೆ: 190 ಗ್ರಾಂ ಪುಡಿ, 1.9 ಲೀಟರ್ ನೀರು, 16 ಗಂಟೆ, ಸೋಸಿದ ಮೇಲೆ 1.5 ಲೀಟರ್ ಚಿಲ್ಲರೆ. ನೀರು ಬೆರೆಸುವುದಿಲ್ಲ.

ಹಿಡಿಯುವಾಗ ನಲ್ಲಿಯನ್ನು ಒಂದೇ ಸಲ ಪೂರ್ತಿ ತೆರೆಯಬೇಕು. ಅರ್ಧ ತೆರೆದರೆ ದೊಡ್ಡ ಗುಳ್ಳೆ ಬರುತ್ತದೆ. ಲೋಟ ತಣ್ಣಗಿರಲಿ, ಐಸ್ ಬೇಡ. ಐಸ್ ತುಂಡು ನೊರೆಯನ್ನು ಒಡೆದು ಕಾಫಿಯನ್ನೂ ತೆಳ್ಳಗೆ ಮಾಡುತ್ತದೆ.

ಟವರ್‌ನ ಕಾಫಿಯನ್ನೂ ಕೆಗ್‌ಗೆ ತುಂಬಿ ನೋಡಿದೆ. ಚರಟ ಇಲ್ಲದ್ದರಿಂದ ನಲ್ಲಿಯಲ್ಲಿ ಚೆನ್ನಾಗಿ ಬಂತು, ನೊರೆಗೂ ಕೊರತೆ ಇರಲಿಲ್ಲ. ಆದರೆ ಟವರ್‌ನಲ್ಲಿ ಗಂಟೆಗಟ್ಟಲೆ ಕಾದು ತೆಗೆದ ಪರಿಮಳ ಕೆನೆಯ ಕೆಳಗೆ ಹೂತುಹೋಯಿತು. ಹುಳಿ ಮೊಂಡಾಯಿತು. ಸಾದಾ ಕೋಲ್ಡ್ ಬ್ರೂಗೆ ನೈಟ್ರೋಜನ್ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ಅದರ ಮಂದತನ ಕೆನೆಯಾಗಿ, ಸಕ್ಕರೆ ಇಲ್ಲದೆಯೂ ಸಿಹಿ ಅನ್ನಿಸುತ್ತದೆ, ಹಾಲು ಬೇಕು ಅನ್ನಿಸುವುದಿಲ್ಲ. ಹಾಗಾಗಿ ಕೆಗ್‌ಗೆ ಸಾದಾ ಕಾಫಿ, ಟವರ್‌ನ ಕಾಫಿಗೆ ಸಣ್ಣ ಲೋಟ ಮತ್ತು ಒಂದು ತುಂಡು ಐಸ್. ಎರಡನ್ನೂ ಸೇರಿಸುವ ಕೆಲಸ ನಿಲ್ಲಿಸಿದ್ದೇನೆ.

ಹಂತ 10: ಇಡುವುದು, ತೊಳೆಯುವುದು

ಕೆಗ್‌ನ ಕಾಫಿಯನ್ನು ಹೊರಗೆ ಇಡಬಾರದು. ಕಾಫಿಯ ಹುಳಿ ತೀರ ಕಡಿಮೆ, ಪಿಎಚ್ ಸುಮಾರು 5. ನೈಟ್ರೋಜನ್ ತುಂಬಿದ ಪಾತ್ರೆಯಲ್ಲಿ ಆಮ್ಲಜನಕವೂ ಕಡಿಮೆ. ಗಾಳಿ ಇಲ್ಲದ, ಹುಳಿ ಸಾಲದ ಜಾಗದಲ್ಲಿ ಬೆಳೆಯುವ ಬೊಟುಲಿಸಂ ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಕೆಗ್ ಅನುಕೂಲದ ಜಾಗ. 2017ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ ಇದೇ ಅಪಾಯಕ್ಕೆ ಹೆದರಿ ತನ್ನ ನೈಟ್ರೋ ಕೋಲ್ಡ್ ಬ್ರೂ ಕ್ಯಾನ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡಿತು. ಮನೆಯಲ್ಲಿ ನಿಯಮ ಇಷ್ಟೇ: 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಎರಡು ಮೂರು ದಿನದಲ್ಲಿ ಖಾಲಿ. ಕರೆಂಟು ಹೋಗಿ ಫ್ರಿಜ್ ಗಂಟೆಗಟ್ಟಲೆ ಬೆಚ್ಚಗಾಗಿದ್ದರೆ ಚೆಲ್ಲಿಬಿಡಿ. ವಾಸನೆ ನೋಡಿ ತೀರ್ಮಾನಿಸಲು ಬರುವುದಿಲ್ಲ.

ತೊಳೆಯುವಾಗ ಮೊದಲು ವಾಲ್ವ್ ಎಳೆದು ಒತ್ತಡ ಪೂರ್ತಿ ಬಿಡಬೇಕು, ಮೀಟರ್ ಸೊನ್ನೆಗೆ ಬಂದ ಮೇಲೆ ಮುಚ್ಚಳ. ನಲ್ಲಿಯ ಬಿಲ್ಲೆಯನ್ನು ಪ್ರತಿ ಸಲ ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಿಂದ ಉಜ್ಜುತ್ತೇನೆ. ಪಿನ್ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಐವಿ ಸೆಟ್‌ನ ಒಳಗನ್ನು ಉಜ್ಜಲು ಬರುವುದಿಲ್ಲ. ಬಳಸಿದ ಮೇಲೆ ನೀರು ಪೂರ್ತಿ ಬಸಿದು ನೇತುಹಾಕಿ ಒಣಗಿಸಿ, ಚಕ್ರ ಕೂರುವ ಜಾಗ ಬಿಳಿಚಿಕೊಂಡ ಕೂಡಲೇ ಹೊಸದು ತರುತ್ತೇನೆ.

ಟವರ್‌ನ ಲೆಕ್ಕ: ಮರ 650, ಜಾರ್ 140, ಐವಿ ಸೆಟ್ 85, ಫಿಲ್ಟರ್ ಕಾಗದದ ಪ್ಯಾಕೆಟ್ 350. ಒಟ್ಟು 1,225, ಏರೋಪ್ರೆಸ್ ಬಿಟ್ಟು. ಚಕ್ರದ ಬದಲು ಒಂದು ಸ್ಟೀಲ್ ನೀಡಲ್ ವಾಲ್ವ್ ಕೂರಿಸುವ ಕೆಲಸ ಬಾಕಿ ಇದೆ. ಅದು ಬಂದರೆ ಆ ಮೊದಲ 15 ನಿಮಿಷದ ಕಾಯುವಿಕೆ ಬೇಕಾಗದು.